ಊರಿನಲ್ಲಿರುವ ಪೋಷಕರಿಗಾಗಿ ದೂರವೈದ್ಯ ಆ್ಯಪ್: ಮಕ್ಕಳನ್ನು ಉದ್ದೇಶಿಸಿದ ಜಾಹೀರಾತನ್ನು ಓದುವ ಬಗೆ



ಹೋಬಳಿ ಕೇಂದ್ರಗಳ ಬಸ್ ನಿಲ್ದಾಣಗಳಲ್ಲಿ, ಔಷಧ ಅಂಗಡಿಗಳ ಮುಂದೆ ಹಾಗೂ ಮೊಬೈಲ್ ಫೋನ್‌ಗಳಲ್ಲಿ ಈಚೆಗೆ ಒಂದು ಬಗೆಯ ಜಾಹೀರಾತು ಕಂಡುಬರುತ್ತಿದೆ. ಸೇವೆಯನ್ನು ಪಡೆಯುವವರು ಊರಿನಲ್ಲಿ ಒಂಟಿಯಾಗಿರುವ ವೃದ್ಧ ತಂದೆತಾಯಂದಿರು. ಆದರೆ ಜಾಹೀರಾತಿನ ಮಾತುಗಳು ಅವರನ್ನು ಉದ್ದೇಶಿಸಿರುವುದಿಲ್ಲ. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಉದ್ಯೋಗದಲ್ಲಿರುವ ಅವರ ಮಕ್ಕಳನ್ನು ಉದ್ದೇಶಿಸಿರುತ್ತವೆ. ಹಣ ಪಾವತಿಸುವವರು ಮಕ್ಕಳು, ದೇಹದ ಮೇಲೆ ಪರಿಣಾಮ ಅನುಭವಿಸುವವರು ತಂದೆತಾಯಿ. ಈ ಅಂತರವೇ ಇಂತಹ ಬರಹದ ಬಹುತೇಕ ದೋಷಗಳಿಗೆ ಮೂಲವಾಗಿದೆ.

ಇಂತಹ ಸಂಸ್ಥೆಗಳ ಪ್ರತಿನಿಧಿಗಳು ಪಂಚಾಯಿತಿ ಸಭಾಂಗಣದಲ್ಲಿ ಶಿಬಿರ ನಡೆಸಲು ಅನುಮತಿ ಕೋರುವುದುಂಟು. ಫಲಕ ಹಾಕಲು ಕೇಳುವುದುಂಟು. ಸೇರಬಹುದೇ ಬೇಡವೇ ಎಂದು ಗ್ರಾಮದ ಕುಟುಂಬಗಳು ಸದಸ್ಯರನ್ನೇ ವಿಚಾರಿಸುವುದೂ ಉಂಟು. ಆದಕಾರಣ ಸದರಿ ಜಾಹೀರಾತಿನ ಒಂದೊಂದು ಮಾತನ್ನೂ ನಿಯಮದೊಡನೆ ಹೋಲಿಸಿ ನೋಡುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಾದರಿ ಜಾಹೀರಾತು

ವಿವರಣೆಯ ಅನುಕೂಲಕ್ಕಾಗಿ ಇಲ್ಲಿಯೇ ರಚಿಸಿದ ಒಂದು ಮಾದರಿಯನ್ನು ತೆಗೆದುಕೊಳ್ಳೋಣ. ಇದು ಯಾವುದೇ ನಿರ್ದಿಷ್ಟ ಸಂಸ್ಥೆಯದಲ್ಲ.

"ಅಪ್ಪ ಅಮ್ಮ ಊರಿನಲ್ಲಿ, ನೀವು ನಗರದಲ್ಲಿ. ರಾತ್ರಿ ಎರಡು ಗಂಟೆಗೆ ಅವರಿಗೆ ಎದೆನೋವು ಬಂದರೆ? ಇನ್ನು ಚಿಂತೆ ಬೇಡ. ಹಗಲಿರುಳೂ ತಜ್ಞ ವೈದ್ಯರು ಅವರ ಅಂಗೈಯಲ್ಲಿ. ಅವರು ಆಸ್ಪತ್ರೆಗೆ ಅಲೆಯಬೇಕಾಗಿಲ್ಲ. ಅವರ ಪರವಾಗಿ ನೀವೇ ವೈದ್ಯರೊಡನೆ ಮಾತನಾಡಿ, ಔಷಧಿ ಅವರ ಮನೆ ಬಾಗಿಲಿಗೆ. ಮೊದಲ ತಿಂಗಳು ಉಚಿತ. ಇಂದೇ ಸೇರಿ."

ಓದಲು ಹಿತವಾಗಿದೆ. ದೂರದಲ್ಲಿರುವ ಮಗ ಅಥವಾ ಮಗಳ ಆತಂಕವನ್ನು ಸರಿಯಾಗಿಯೇ ಮುಟ್ಟುತ್ತದೆ. ಆದರೆ ಇದರಲ್ಲಿ ನಾಲ್ಕು ಭರವಸೆಗಳಿವೆ. ನಾಲ್ಕನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ. ಪರಿಶೀಲನೆಗೆ ಮುಖ್ಯ ಆಧಾರವೆಂದರೆ ಭಾರತ ಸರ್ಕಾರವು 2020ರ ಮಾರ್ಚ್ 25ರಂದು ಪ್ರಕಟಿಸಿದ ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿಗಳು. ನೋಂದಾಯಿತ ವೈದ್ಯರು ದೂರದಿಂದ ರೋಗಿಯನ್ನು ವಿಚಾರಿಸಿ ಔಷಧಿ ಸೂಚಿಸಲು ಇವುಗಳಿಂದಲೇ ಸ್ಪಷ್ಟವಾದ ಚೌಕಟ್ಟು ದೊರೆಯಿತು.

ಮೊದಲ ಭರವಸೆ: ತುರ್ತು ಸಂದರ್ಭದಲ್ಲಿ ವೈದ್ಯರು ಅಂಗೈಯಲ್ಲಿ

ಸದರಿ ಮಾರ್ಗಸೂಚಿಗಳ ಪ್ರಕಾರ ತುರ್ತು ಸ್ಥಿತಿಯಲ್ಲಿ ದೂರವೈದ್ಯ ಸೇವೆಯು ನೇರ ಚಿಕಿತ್ಸೆಗೆ ಬದಲಿಯಲ್ಲ. ಬೇರೆ ದಾರಿ ತಕ್ಷಣಕ್ಕೆ ಇಲ್ಲದಿದ್ದಾಗ ವೈದ್ಯರು ಪ್ರಥಮ ಚಿಕಿತ್ಸೆಯ ಬಗ್ಗೆ ಸಲಹೆ ನೀಡಬಹುದು, ಎಲ್ಲಿಗೆ ಹೋಗಬೇಕೆಂದು ತಿಳಿಸಬಹುದು. ಆದರೆ ಆದಷ್ಟು ಬೇಗ ವೈದ್ಯರನ್ನು ಖುದ್ದಾಗಿ ಕಾಣುವಂತೆ ರೋಗಿಗೆ ಹೇಳಲೇಬೇಕು.

ಇದಕ್ಕೆ ಕಾರಣ ಸರಳವಾಗಿದೆ. ಎದೆನೋವಿನ ರೋಗಿಗೆ ಮೊದಲು ಬೇಕಾದದ್ದು ಇಸಿಜಿ. ಬಾಯಿ ಒಂದು ಕಡೆಗೆ ವಾಲಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ಅದಕ್ಕೂ ಮುನ್ನ ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಇವಾವುವೂ ಫೋನಿನ ಮೂಲಕ ಆಗುವ ಕೆಲಸಗಳಲ್ಲ. ಊರಿನ ತಾಯಿ ನಗರದ ಮಗನಿಗೆ ಕರೆ ಮಾಡಿ, ಮಗ ಆ್ಯಪ್ ತೆರೆದು, ವೈದ್ಯರು ಸಂಪರ್ಕಕ್ಕೆ ಬಂದು, ಅವರು ಆಸ್ಪತ್ರೆಗೆ ಹೋಗಿ ಎನ್ನುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಅದೇ ಅರ್ಧ ಗಂಟೆಯಲ್ಲಿ 108 ವಾಹನಕ್ಕೆ ಕರೆ ಹೋಗಿರಬಹುದಿತ್ತು.

ಆದ್ದರಿಂದ ಜಾಹೀರಾತಿನಲ್ಲಿ ಎದೆನೋವು, ಪಾರ್ಶ್ವವಾಯು, ರಾತ್ರಿಯ ತುರ್ತು ಕರೆ ಮುಂತಾದವುಗಳನ್ನು ಹೆಸರಿಸಿ ಅವುಗಳಿಗೆ ಆ್ಯಪ್ ಅನ್ನೇ ಪರಿಹಾರವೆಂದು ತೋರಿಸಿದ್ದರೆ, ಆ ಒಂದು ಸಾಲಿನಿಂದಲೇ ಬರಹವು ದಾರಿ ತಪ್ಪಿಸುವಂಥದ್ದೆಂದು ತಿಳಿಯಬಹುದು. ಸರಿಯಾದ ಬರಹದಲ್ಲಿ ತುರ್ತಿಗೆ ಮೊದಲು 108ಕ್ಕೆ ಕರೆ ಮಾಡಿ ಎಂಬ ಸೂಚನೆ ಎದ್ದು ಕಾಣುವಂತೆ ಇರುತ್ತದೆ.

ಎರಡನೆಯ ಭರವಸೆ: ಅವರ ಪರವಾಗಿ ನೀವೇ ಮಾತನಾಡಿ

ರೋಗಿಯ ಪರವಾಗಿ ಆರೈಕೆದಾರರು ವೈದ್ಯರೊಡನೆ ಮಾತನಾಡಲು ಮಾರ್ಗಸೂಚಿಗಳಲ್ಲಿ ಅವಕಾಶವಿದೆ. ಆದರೆ ಅದು ಷರತ್ತಿಗೊಳಪಟ್ಟಿದೆ. ರೋಗಿಯು ಆರೈಕೆದಾರರ ಜೊತೆಯಲ್ಲಿಯೇ ಇದ್ದು ಸಮಾಲೋಚನೆ ನಡೆದರೆ ತೊಡಕಿಲ್ಲ. ರೋಗಿ ಜೊತೆಯಲ್ಲಿ ಇಲ್ಲದಿದ್ದಾಗ ನಿಯಮ ಬಿಗಿಯಾಗುತ್ತದೆ. ರೋಗಿ ಅಪ್ರಾಪ್ತ ವಯಸ್ಕನಾಗಿರಬೇಕು ಅಥವಾ ತನ್ನ ವಿಷಯವನ್ನು ತಾನೇ ಹೇಳಲಾರದ ಸ್ಥಿತಿಯಲ್ಲಿರಬೇಕು. ಇಲ್ಲವಾದರೆ ಆರೈಕೆದಾರರಿಗೆ ರೋಗಿಯಿಂದ ಅಧಿಕಾರಪತ್ರ, ಸಂಬಂಧವನ್ನು ರುಜುವಾತುಪಡಿಸುವ ದಾಖಲೆ ಅಥವಾ ಹಿಂದಿನ ಖುದ್ದು ಭೇಟಿಯಲ್ಲಿ ರೋಗಿಯೇ ನೀಡಿದ ಒಪ್ಪಿಗೆ ಇರಬೇಕು.

ವಯಸ್ಸಾಗಿದೆ ಎಂಬ ಕಾರಣದಿಂದ ಮಾತ್ರ ಯಾರೂ ತಮ್ಮ ವಿಷಯ ಹೇಳಲಾರದವರಾಗುವುದಿಲ್ಲ. ಎಪ್ಪತ್ತೆರಡು ವರ್ಷದ ತಾಯಿ ತಮ್ಮ ಕಾಯಿಲೆಯ ಬಗ್ಗೆ ತಾವೇ ಹೇಳಬಲ್ಲರು. ಮಗನಿಗಿಂತ ಸರಿಯಾಗಿಯೂ ಹೇಳಬಲ್ಲರು. ಮಗನ ಎದುರು ಹೇಳಲು ಸಂಕೋಚಪಡುವ ಮೂತ್ರದ ತೊಂದರೆ, ಹಣ ಉಳಿಸಲು ಅರ್ಧ ಮಾತ್ರೆ ನುಂಗುವ ಅಭ್ಯಾಸ, ನೆರೆಯವರು ಕೊಟ್ಟ ನೋವಿನ ಮಾತ್ರೆ ಇವೆಲ್ಲವೂ ಅವರೊಡನೆ ನೇರವಾಗಿ ಮಾತನಾಡಿದರೆ ಮಾತ್ರ ಹೊರಬರುತ್ತವೆ.

ಮೂರನೆಯ ಭರವಸೆ: ಆಸ್ಪತ್ರೆಗೆ ಅಲೆಯಬೇಕಾಗಿಲ್ಲ

ಈ ಭರವಸೆಯಲ್ಲಿ ಅರ್ಧ ಸತ್ಯವಿದೆ. ಈಗಾಗಲೇ ಖುದ್ದಾಗಿ ಪರೀಕ್ಷಿಸಿ ನಿರ್ಧರಿಸಿದ ಮಧುಮೇಹ, ರಕ್ತದೊತ್ತಡದಂತಹ ದೀರ್ಘಕಾಲದ ಕಾಯಿಲೆಗಳ ಮುಂದುವರಿದ ಸಮಾಲೋಚನೆಗೆ ದೂರವೈದ್ಯ ಸೇವೆ ಉಪಯುಕ್ತ. ಅದೇ ಕಾಯಿಲೆಗಾಗಿ ಅದೇ ವೈದ್ಯರನ್ನು ಖುದ್ದಾಗಿ ಕಂಡು ಆರು ತಿಂಗಳು ಮೀರಿರದಿದ್ದರೆ ಅದನ್ನು ಮುಂದುವರಿದ ಸಮಾಲೋಚನೆ ಎಂದು ಪರಿಗಣಿಸಲಾಗುತ್ತದೆ. ಆರು ತಿಂಗಳು ಮೀರಿದರೆ ಅಥವಾ ಹೊಸ ತೊಂದರೆ ಕಾಣಿಸಿಕೊಂಡರೆ ಅದು ಮೊದಲ ಸಮಾಲೋಚನೆಯಾಗುತ್ತದೆ.

ಈ ವ್ಯತ್ಯಾಸಕ್ಕೆ ತಕ್ಕಂತೆ ಸೂಚಿಸಬಹುದಾದ ಔಷಧಿಗಳೂ ಬದಲಾಗುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್‌ನಂತಹ ಸಾಮಾನ್ಯ ಔಷಧಿಗಳನ್ನು ಫೋನ್ ಕರೆಯಲ್ಲಿಯೂ ಸೂಚಿಸಬಹುದು. ಇನ್ನು ಕೆಲವನ್ನು ಮೊದಲ ಸಮಾಲೋಚನೆಯಲ್ಲಿ ವಿಡಿಯೋ ಮೂಲಕ ರೋಗಿಯನ್ನು ನೋಡಿದ ಮೇಲೆ ಮಾತ್ರ ಸೂಚಿಸಬಹುದು. ಈಗಾಗಲೇ ನಡೆಯುತ್ತಿರುವ ಚಿಕಿತ್ಸೆಗೆ ಹೆಚ್ಚುವರಿಯಾಗಿ ಸೇರಿಸುವ ಕೆಲವು ಔಷಧಿಗಳು ಮುಂದುವರಿದ ಸಮಾಲೋಚನೆಗೆ ಮೀಸಲು. ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ನಲ್ಲಿರುವ ಹಾಗೂ ಮಾದಕ ವಸ್ತು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವ ಔಷಧಿಗಳನ್ನು ಈ ಮಾರ್ಗಸೂಚಿಗಳು ದೂರವೈದ್ಯ ಸೇವೆಯಿಂದ ಹೊರಗಿರಿಸಿವೆ. ಆದ್ದರಿಂದ "ಯಾವುದೇ ಔಷಧಿ ಮನೆ ಬಾಗಿಲಿಗೆ" ಎಂಬ ಮಾತು ನಿಯಮಕ್ಕೆ ಹೊಂದುವುದಿಲ್ಲ.

ಒಂದು ಪ್ರಕರಣ: ಊದಿಕೊಂಡ ಕಾಲು

ಮೇಲಿನ ಎರಡು ಭರವಸೆಗಳು ಒಟ್ಟಿಗೆ ಸೇರಿದಾಗ ಏನಾಗಬಹುದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು.

ಹೋಬಳಿ ಕೇಂದ್ರವೊಂದರಲ್ಲಿರುವ ಎಪ್ಪತ್ತೆರಡು ವರ್ಷದ ತಾಯಿ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಹಾಗೂ ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎರಡು ವಾರಗಳಿಂದ ಕಾಲಿನ ಹರಡು ಊದಿಕೊಳ್ಳುತ್ತಿದೆ. ಬೆಂಗಳೂರಿನ ಮಗ ಆ್ಯಪ್‌ನಲ್ಲಿ ವೈದ್ಯರಿಗೆ "ಅಮ್ಮನ ಕಾಲು ಊದಿದೆ" ಎಂದು ಬರೆದು ತಿಳಿಸುತ್ತಾರೆ. ತಾಯಿ ಆ ಮಾತುಕತೆಯಲ್ಲಿ ಇಲ್ಲ. ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಮಗನಿಗೆ ಸರಿಯಾಗಿ ಗೊತ್ತಿಲ್ಲ, "ಬಿ.ಪಿ. ಮತ್ತು ಶುಗರ್ ಮಾತ್ರೆ" ಎನ್ನುತ್ತಾರೆ. ಊತವಿದೆ ಎಂದ ಕಾರಣ ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುವ ಮಾತ್ರೆಯೊಂದು ಮನೆಗೆ ತಲುಪುತ್ತದೆ.

ಇಲ್ಲಿ ತಪ್ಪು ನಡೆದದ್ದೆಲ್ಲಿ? ಆಮ್ಲೋಡಿಪಿನ್ ಮಾತ್ರೆಯೇ ಕೆಲವರಲ್ಲಿ ಹರಡಿನ ಊತ ಉಂಟುಮಾಡುತ್ತದೆ. ಅದು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿದ್ದು ಸಂಜೆಯ ವೇಳೆಗೆ ಹೆಚ್ಚುತ್ತದೆ. ಈ ಬಗೆಯ ಊತಕ್ಕೆ ನೀರು ಇಳಿಸುವ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಬದಲಿಗೆ ವೃದ್ಧರಲ್ಲಿ ರಕ್ತದ ಸೋಡಿಯಂ ಕುಸಿಯಬಹುದು. ಎದ್ದು ನಿಂತಾಗ ತಲೆಸುತ್ತು ಬರಬಹುದು. ರಾತ್ರಿ ಮೂತ್ರಕ್ಕೆಂದು ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಭಾವಿಸಿ ಇನ್ನೊಂದು ಮಾತ್ರೆ ಕೊಡುವ ಈ ಸರಣಿ ವೃದ್ಧರ ಚಿಕಿತ್ಸೆಯಲ್ಲಿ ಚಿರಪರಿಚಿತ ದೋಷ.

ಊತಕ್ಕೆ ಬೇರೆ ಕಾರಣಗಳೂ ಇರಬಹುದು. ಒಂದೇ ಕಾಲು ಊದಿ ನೋವಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ ಇರುತ್ತದೆ. ಮಲಗಿದಾಗ ಉಸಿರು ಕಟ್ಟಿದಂತಾದರೆ ಹೃದಯದ ತೊಂದರೆಯನ್ನು ಶಂಕಿಸಬೇಕು. ಮುಖವೂ ಊದಿ ಮೂತ್ರದಲ್ಲಿ ನೊರೆ ಕಂಡರೆ ಮೂತ್ರಪಿಂಡವನ್ನು ಪರೀಕ್ಷಿಸಬೇಕು. ಈ ನಾಲ್ಕನ್ನು ಬೇರ್ಪಡಿಸಲು ಕಾಲನ್ನು ನೋಡಬೇಕು, ಹೆಬ್ಬೆರಳಿನಿಂದ ಒತ್ತಿ ಗುಳಿ ಬೀಳುವುದೇ ಎಂದು ಗಮನಿಸಬೇಕು, ರಕ್ತದೊತ್ತಡ ಅಳೆಯಬೇಕು, ಎದೆಗೆ ಸ್ಟೆತಾಸ್ಕೋಪ್ ಇಡಬೇಕು.

ಇದೇ ಪ್ರಕರಣವನ್ನು ಸರಿಯಾದ ಕ್ರಮದಲ್ಲಿ ನಡೆಸುವುದು ಕಷ್ಟವಲ್ಲ. ತಾಯಿ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ತಾವು ನುಂಗುವ ಎಲ್ಲಾ ಮಾತ್ರೆಗಳ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ರಕ್ತದೊತ್ತಡ, ತೂಕ ಹಾಗೂ ರಕ್ತದ ಸಕ್ಕರೆ ಅಳೆಯುತ್ತಾರೆ. ಎರಡೂ ಕಾಲುಗಳನ್ನು ಒತ್ತಿ ನೋಡುತ್ತಾರೆ. ನಂತರ ಸರ್ಕಾರದ ಉಚಿತ ದೂರವೈದ್ಯ ಸೇವೆಯಾದ ಇ-ಸಂಜೀವಿನಿ ಮೂಲಕ ವೈದ್ಯರನ್ನು ಸಂಪರ್ಕಿಸುತ್ತಾರೆ. ವೈದ್ಯರು ತಾಯಿಯೊಡನೆಯೇ ಮಾತನಾಡುತ್ತಾರೆ. ತಾಯಿ ಒಪ್ಪಿದರೆ ಮಗನನ್ನೂ ಫೋನಿನಲ್ಲಿ ಸೇರಿಸಿಕೊಳ್ಳಬಹುದು. ಮಾತ್ರೆಯ ಹೆಸರು ಹಾಗೂ ಅಳತೆಗಳು ಮುಂದೆ ಇರುವುದರಿಂದ ವೈದ್ಯರಿಗೆ ಆಮ್ಲೋಡಿಪಿನ್ ಮೇಲೆ ಶಂಕೆ ಬರುತ್ತದೆ. ಹೃದಯ ಮತ್ತು ಮೂತ್ರಪಿಂಡದ ಕಾರಣಗಳನ್ನು ತಳ್ಳಿಹಾಕಲು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರ ಪರೀಕ್ಷೆ ಸೂಚಿಸುತ್ತಾರೆ. ವರದಿ ಸರಿಯಿದ್ದರೆ ಪ್ರಮಾಣ ತಗ್ಗಿಸಬೇಕೇ, ಮಾತ್ರೆ ಬದಲಿಸಬೇಕೇ ಎಂದು ಅಲ್ಲಿನ ವೈದ್ಯರು ತೀರ್ಮಾನಿಸುತ್ತಾರೆ. ವೈದ್ಯರ ಸಲಹೆಯಿಲ್ಲದೆ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಎರಡೂ ಕ್ರಮಗಳಲ್ಲಿ ಬಳಸಿದ್ದು ದೂರವೈದ್ಯ ಸೇವೆಯೇ. ವ್ಯತ್ಯಾಸವೆಂದರೆ, ಎರಡನೆಯದರಲ್ಲಿ ರೋಗಿಯೂ ಇದ್ದರು, ಅವರನ್ನು ಮುಟ್ಟಿ ನೋಡುವ ಆರೋಗ್ಯ ಕಾರ್ಯಕರ್ತರೂ ಪಕ್ಕದಲ್ಲಿದ್ದರು. ಖಾಸಗಿ ಆ್ಯಪ್ ಆದರೂ ಈ ಎರಡನ್ನು ಒದಗಿಸಿದರೆ ಅದರಿಂದ ಪ್ರಯೋಜನವಿದೆ.

ನಾಲ್ಕನೆಯ ಭರವಸೆ: ಮೊದಲ ತಿಂಗಳು ಉಚಿತ

ಉಚಿತವೆಂದು ಸೇರಿಸಿಕೊಳ್ಳುವಾಗಲೇ ಕಾರ್ಡ್ ಅಥವಾ ಯುಪಿಐ ಮೂಲಕ ಪ್ರತಿ ತಿಂಗಳ ಸ್ವಯಂ ಪಾವತಿಗೆ ಒಪ್ಪಿಗೆ ಪಡೆಯುವುದು ರೂಢಿಯಲ್ಲಿದೆ. ಎರಡನೆಯ ತಿಂಗಳಿನಿಂದ ಹಣ ತಾನಾಗಿಯೇ ಕಡಿತವಾಗುತ್ತದೆ. ಸೇರುವುದು ಒಂದು ಒತ್ತಿನಲ್ಲಿ ಮುಗಿದು, ಬಿಡುವುದಕ್ಕೆ ಹತ್ತು ಪುಟ ದಾಟಬೇಕಾದರೆ ಅದನ್ನು ಚಂದಾ ಬಲೆ ಎನ್ನಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಇಂತಹ ಬಲೆಯನ್ನು ನಿಷೇಧಿಸಿವೆ. "ಕೊಡುಗೆ ಇನ್ನು ಹತ್ತೇ ನಿಮಿಷ" ಎಂಬ ಸುಳ್ಳು ಅವಸರವೂ ಅದೇ ನಿಷೇಧಕ್ಕೆ ಒಳಪಡುತ್ತದೆ. ಬೇಡವೆನ್ನುವ ಗುಂಡಿಯ ಮೇಲೆ "ನನಗೆ ಹೆತ್ತವರ ಚಿಂತೆ ಇಲ್ಲ" ಎಂದು ಬರೆದು ನಾಚಿಕೆಪಡಿಸಿ ಒಪ್ಪಿಸುವ ಕ್ರಮವೂ ಅಷ್ಟೇ. ಮಕ್ಕಳನ್ನು ಉದ್ದೇಶಿಸಿದ ಜಾಹೀರಾತಿನಲ್ಲಿ ಈ ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿ ಮಾರಾಟಕ್ಕೆ ಬಳಕೆಯಾಗುವುದು ಮಕ್ಕಳ ಅಪರಾಧ ಭಾವನೆ.

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಸ್ವಯಂ ಪಾವತಿಯ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ಸಂದೇಶ ಬರಬೇಕು. ಆ ಸಂದೇಶವನ್ನು ಓದಿ, ಬೇಡವಾದರೆ ಒಪ್ಪಿಗೆಯನ್ನು ರದ್ದುಪಡಿಸಬಹುದು. ದಾರಿ ತಪ್ಪಿಸುವ ಜಾಹೀರಾತು ಅಥವಾ ಹಣದ ವಿವಾದಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಗ್ರಾಹಕ ರಕ್ಷಣಾ ಕಾಯ್ದೆ, 2019ರ ಅನ್ವಯ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಪ್ರಾಧಿಕಾರಕ್ಕೆ ಅಧಿಕಾರವಿದೆ.

ಪಂಚಾಯಿತಿಗೆ ಕೋರಿಕೆ ಬಂದಾಗ

ಶಿಬಿರಕ್ಕೋ ಫಲಕಕ್ಕೋ ಅನುಮತಿ ಕೋರಿ ಪ್ರತಿನಿಧಿಗಳು ಬಂದಾಗ ಅವರ ಕರಪತ್ರವನ್ನು ಮೊದಲು ಕೇಳಿ ಪಡೆದು ಓದುವುದು ಸೂಕ್ತ. ಸೇವೆ ನೀಡುವ ಪ್ರತಿಯೊಬ್ಬ ವೈದ್ಯರ ಹೆಸರು, ವಿದ್ಯಾರ್ಹತೆ ಹಾಗೂ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ವೇದಿಕೆಯು ನೀಡಬೇಕೆಂದು ಟೆಲಿಮೆಡಿಸಿನ್ ಮಾರ್ಗಸೂಚಿಗಳು ವಿಧಿಸುತ್ತವೆ. "ನಮ್ಮಲ್ಲಿ ನೂರಾರು ತಜ್ಞರಿದ್ದಾರೆ" ಎಂದು ಹೇಳಿ ಒಂದು ನೋಂದಣಿ ಸಂಖ್ಯೆಯನ್ನೂ ತೋರಿಸದವರಿಗೆ ಅನುಮತಿ ನೀಡುವ ಮುನ್ನ ತಾಲ್ಲೂಕು ಆರೋಗ್ಯಾಧಿಕಾರಿಗಳ ಅಭಿಪ್ರಾಯ ಪಡೆಯಬೇಕು. ವೈದ್ಯರು ಸ್ವತಃ ಜಾಹೀರಾತಿನ ಮೂಲಕ ರೋಗಿಗಳನ್ನು ಆಹ್ವಾನಿಸುವುದಕ್ಕೂ ಆಮಿಷ ಒಡ್ಡುವುದಕ್ಕೂ ಅವಕಾಶವಿಲ್ಲವೆಂಬುದು ನೆನಪಿನಲ್ಲಿರಲಿ.

ಎರಡನೆಯದಾಗಿ, ಸಂಧ್ಯಾ ಸುರಕ್ಷಾ ಮುಂತಾದ ಪಿಂಚಣಿ ಯೋಜನೆಗಳ ಫಲಾನುಭವಿಗಳ ಪಟ್ಟಿಯನ್ನು ಇಂತಹ ಪ್ರತಿನಿಧಿಗಳಿಗೆ ಯಾವ ಕಾರಣಕ್ಕೂ ನೀಡಬಾರದು. ವೃದ್ಧರ ಹೆಸರು, ಫೋನ್ ಸಂಖ್ಯೆ ಹಾಗೂ ವಿಳಾಸ ಪಿಂಚಣಿಯ ಉದ್ದೇಶಕ್ಕೆ ಪಡೆದ ಮಾಹಿತಿಯೇ ಹೊರತು ಮಾರಾಟದ ಉದ್ದೇಶಕ್ಕಲ್ಲ. ಶಿಬಿರದಲ್ಲಿ ವೃದ್ಧರ ಫೋನಿಗೆ ಬಂದ ಒಟಿಪಿಯನ್ನು ಕೇಳಿ ಪಡೆದು ಅವರಿಗೆ ತಿಳಿಯದಂತೆ ಖಾತೆ ತೆರೆಯುವುದು ಕಂಡುಬಂದರೆ ಶಿಬಿರವನ್ನು ಅಲ್ಲಿಯೇ ನಿಲ್ಲಿಸಬೇಕು.

ಮೂರನೆಯದಾಗಿ, ಕುಟುಂಬದವರು ಸಲಹೆ ಕೇಳಿದಾಗ ಸೇರಿ ಅಥವಾ ಸೇರಬೇಡಿ ಎನ್ನುವ ಬದಲು ಒಂದು ಪ್ರಶ್ನೆಯನ್ನು ಅವರ ಮುಂದಿಡಬಹುದು: ವೈದ್ಯರು ಮಾತನಾಡುವಾಗ ನಿಮ್ಮ ತಾಯಿ ಅಥವಾ ತಂದೆಯ ಪಕ್ಕದಲ್ಲಿ ಕುಳಿತು ಬಿ.ಪಿ. ನೋಡುವವರು ಯಾರು? ಈ ಪ್ರಶ್ನೆಗೆ ಉತ್ತರವಿದ್ದರೆ ಸೇವೆ ಕೆಲಸಕ್ಕೆ ಬರುತ್ತದೆ. ಉತ್ತರವಿಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯ ಪರಿಚಯ ಮಾಡಿಸಿಕೊಡುವುದು ಆ ಕುಟುಂಬಕ್ಕೆ ಮೊದಲು ಸಲ್ಲಬೇಕಾದ ನೆರವು.

ತಿದ್ದಿದ ಜಾಹೀರಾತು

ಆರಂಭದಲ್ಲಿ ಕೊಟ್ಟ ಮಾದರಿಯನ್ನು ನಿಯಮಕ್ಕೆ ಅನುಗುಣವಾಗಿ ತಿದ್ದಿದರೆ ಅದು ಹೀಗಿರುತ್ತದೆ:

"ಊರಿನಲ್ಲಿರುವ ನಿಮ್ಮ ತಂದೆತಾಯಿಯ ಬಿ.ಪಿ., ಶುಗರ್ ಕಾಯಿಲೆಗಳ ಮುಂದುವರಿದ ತಪಾಸಣೆಗೆ ನಮ್ಮ ನೋಂದಾಯಿತ ವೈದ್ಯರು ವಿಡಿಯೋ ಮೂಲಕ ಲಭ್ಯ. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಪಟ್ಟಿಯಲ್ಲಿದೆ. ಸಮಾಲೋಚನೆಯಲ್ಲಿ ತಂದೆತಾಯಿ ಇರಬೇಕು. ಅವರು ಒಪ್ಪಿದರೆ ನೀವೂ ಸೇರಬಹುದು. ಹೊಸ ತೊಂದರೆಗಳಿಗೆ ಖುದ್ದು ಪರೀಕ್ಷೆ ಬೇಕಾಗಬಹುದು. ಎದೆನೋವು, ಪಾರ್ಶ್ವವಾಯು, ಉಸಿರಾಟದ ತೊಂದರೆಗೆ ನಮಗೆ ಕರೆ ಮಾಡಬೇಡಿ, 108ಕ್ಕೆ ಮಾಡಿ. ಎರಡನೆಯ ತಿಂಗಳಿನಿಂದ ಶುಲ್ಕ ಕಡಿತವಾಗುತ್ತದೆ; ಬೇಡವಾದರೆ ಇಲ್ಲಿಯೇ ಒಂದು ಒತ್ತಿನಲ್ಲಿ ನಿಲ್ಲಿಸಬಹುದು."

ಈ ಬರಹ ಮೊದಲಿನಷ್ಟು ಹಿತವಾಗಿಲ್ಲ. ಆದರೆ ಇದನ್ನು ಓದಿದ ಮಗಳಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆ, ಏನನ್ನು ಕೊಳ್ಳುತ್ತಿಲ್ಲ ಎಂಬುದು ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಕರೆ ಬಂದಾಗ ಮೊದಲು ಯಾವ ಸಂಖ್ಯೆಯನ್ನು ಒತ್ತಬೇಕೆಂಬುದೂ ತಿಳಿದಿರುತ್ತದೆ. ಪಂಚಾಯಿತಿಯ ಗೋಡೆಯ ಮೇಲೆ ಫಲಕಕ್ಕೆ ಜಾಗ ನೀಡುವ ಮುನ್ನ ಎರಡೂ ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಬಂದಿರುವ ಕರಪತ್ರ ಯಾವುದಕ್ಕೆ ಹತ್ತಿರವಿದೆ ಎಂದು ಸಭೆಯಲ್ಲಿ ಓದಿ ನೋಡುವುದು.